ಅಪ್ಪನ ಷೇರು, ಅಣ್ಣನಿಗೆ ಜಿಪಿಎ: ಇಂಗ್ಲಿಷ್ ಹಾಳೆಯಲ್ಲಿರುವುದೆಲ್ಲ ಕನ್ನಡ ಹಾಳೆಯಲ್ಲಿದೆಯೇ?

ಪ್ರಶ್ನೆ: ನಮ್ಮದು ಹಾಸನ ಜಿಲ್ಲೆ. ಅಪ್ಪ, ಚಿಕ್ಕಪ್ಪ ಸೇರಿ ಇಂಗ್ಲೆಂಡಿನಲ್ಲಿ ದಿನಸಿ-ಮಸಾಲೆಯ ಸಗಟು ಕಂಪನಿ ಕಟ್ಟಿದರು. ಒಟ್ಟು 100 ಷೇರಿನಲ್ಲಿ ಅಪ್ಪನದು 40, ಅಣ್ಣನದು 35, ಚಿಕ್ಕಪ್ಪನದು 25. ಅಪ್ಪನಿಗೆ ಈಗ 76, ಊರಿಗೆ ಬಂದು ನೆಲೆಸಿದ್ದಾರೆ, ಆದರೂ ಅಲ್ಲಿ ಡೈರೆಕ್ಟರ್. ಅಣ್ಣ ಇಂಗ್ಲಿಷಿನಲ್ಲಿ ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ ಕಳಿಸಿ, ನೋಟರಿ, ಅಪೋಸ್ಟಿಲ್ ಮಾಡಿಸಿ ಕಳಿಸಿ ಎಂದಿದ್ದಾನೆ. ಅಪ್ಪನಿಗೆ ಇಂಗ್ಲಿಷ್ ಮಾತನಾಡಲು ಬರುತ್ತದೆ, ಓದಲು ಬರುವುದಿಲ್ಲ. ಟೈಪಿಂಗ್ ಅಂಗಡಿಯಲ್ಲಿ ಕನ್ನಡ ಮಾಡಿಸಿ ಓದಿ ಹೇಳಿದೆ. ಎರಡೂ ಹಾಳೆ ಲಗತ್ತಿಸಿದ್ದೇನೆ. "ಸಹಿ ಹಾಕಿದರೆ ಷೇರು ಅವನದಾಗುತ್ತದೆ" ಎನ್ನುತ್ತಾರೆ ಸೋದರಮಾವ. "ಬರೀ ಫಾರ್ಮಾಲಿಟಿ" ಎನ್ನುತ್ತಾನೆ ಅಣ್ಣ. ಅಪ್ಪನಿಗೆ ಈಚೆಗೆ ಸ್ವಲ್ಪ ಮರೆವು. ಆಮೇಲೆ ಬೇಡವೆನಿಸಿದರೆ ರದ್ದು ಮಾಡಬಹುದೇ? ಎರಡರಲ್ಲಿ ಯಾವ ಭಾಷೆಯದು ನಡೆಯುತ್ತದೆ? ಇಲ್ಲಿ ಅಣ್ಣನ ಹೆಸರಿನಲ್ಲಿರುವ ಗೋದಾಮನ್ನು ಮಾರಲು ಅವನಿಂದಲೂ ನನಗೊಂದು ಜಿಪಿಎ ಬರಬೇಕಿದೆ.

ಉತ್ತರ: ನಿಮ್ಮ ಸೋದರಮಾವ ಹೇಳುವುದು ತಪ್ಪು. ಅಣ್ಣ ಹೇಳುವುದು ಅದಕ್ಕಿಂತ ದೊಡ್ಡ ತಪ್ಪು.

ಪವರ್ ಆಫ್ ಅಟಾರ್ನಿಯಿಂದ ಮಾಲೀಕತ್ವ ಕೈ ಬದಲಾಗುವುದಿಲ್ಲ. ಕೊಟ್ಟವರ ಪರವಾಗಿ ಒಬ್ಬರು ಕೆಲಸ ಮಾಡಬಹುದು ಎನ್ನುವ ಅಧಿಕಾರ ಪತ್ರ ಅದು, ಅಷ್ಟೆ. ನಮ್ಮಲ್ಲಿ ಜಿಪಿಎ ಬರೆಸಿಕೊಂಡೇ ಸೈಟು ಕೊಂಡವರು ಬೇಕಾದಷ್ಟು ಜನ ಇರುವುದರಿಂದ ಈ ಗೊಂದಲ ಹುಟ್ಟಿದೆ. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಗೆಹರಿಸಿತು: ಜಿಪಿಎ ಮೂಲಕ ಸ್ಥಿರಾಸ್ತಿಯ ಹಕ್ಕು ವರ್ಗವಾಗುವುದಿಲ್ಲ. ಇಂಗ್ಲೆಂಡಿನ ಕಂಪನಿಯ ಷೇರಿಗೂ ಇದೇ ಮಾತು. ವರ್ಗಾವಣೆ ಪತ್ರವಾಗಿ, ಕಂಪನಿಯ ಸದಸ್ಯರ ಪುಸ್ತಕದಲ್ಲಿ ಹೆಸರು ಬದಲಾಗುವ ತನಕ 40 ಷೇರು ಅಪ್ಪನದೇ.

ಆದರೆ ಷೇರಿನ ಜೊತೆಗೆ ವೋಟು ಇರುತ್ತದೆ. ಅಲ್ಲಿಯ ಕಂಪನಿ ಕಾಯ್ದೆಯಲ್ಲಿ ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಹೆಚ್ಚು ವೋಟು ಬೇಕು. ಡೈರೆಕ್ಟರನ್ನು ತೆಗೆಯುವುದೂ ಇದರಿಂದಲೇ ಆಗುತ್ತದೆ. ಕಂಪನಿಯ ನಿಯಮಾವಳಿ ತಿದ್ದುವಂಥ ವಿಶೇಷ ನಿರ್ಣಯಕ್ಕೆ ಶೇ 75 ಬೇಕು. ಇವತ್ತು ನಿಮ್ಮ ಅಣ್ಣನ ಕೈಯಲ್ಲಿರುವುದು 35. ಒಬ್ಬನೇ ಏನೂ ಮಾಡಲಾರ. ಅಪ್ಪನನ್ನೋ ಚಿಕ್ಕಪ್ಪನನ್ನೋ ಒಪ್ಪಿಸಲೇಬೇಕು. ಅಪ್ಪನ 40ರ ವೋಟು ಅವನ ಕೈಗೆ ಬಂದರೆ 35ಕ್ಕೆ 40 ಸೇರಿ ಸರಿಯಾಗಿ 75. ಅಲ್ಲಿಗೆ ಸಾಮಾನ್ಯ ನಿರ್ಣಯ, ವಿಶೇಷ ನಿರ್ಣಯ ಎರಡೂ ಅವನೊಬ್ಬನ ವೋಟಿನಲ್ಲೇ ಮುಗಿಯುತ್ತವೆ. ಚಿಕ್ಕಪ್ಪನ 25 ಯಾವುದನ್ನೂ ತಡೆಯದು. ಒಂದು ಷೇರೂ ಕೈ ಬದಲಾಗದೆ ಮೂವರ ಕಂಪನಿ ಒಬ್ಬನ ಹಿಡಿತಕ್ಕೆ ಹೋಯಿತು. ಅಣ್ಣ ಇದೇ ಲೆಕ್ಕ ಹಾಕಿದ್ದಾನೆ ಎಂದು ನಾನು ಹೇಳುತ್ತಿಲ್ಲ. ಬಹುಶಃ ಹಾಕಿರಲಿಕ್ಕಿಲ್ಲ, ಕರಡನ್ನು ಎಲ್ಲಿಂದಲೋ ತೆಗೆದು ಹೆಸರು ತುಂಬಿದ ಹಾಗೆ ಕಾಣುತ್ತದೆ. ಆದರೆ ಅಪ್ಪ ಸಹಿ ಹಾಕುವ ಮುಂಚೆ ಈ ಲೆಕ್ಕ ಅಪ್ಪನಿಗೂ ಚಿಕ್ಕಪ್ಪನಿಗೂ ಗೊತ್ತಿರಬೇಕು.

ಹಾಗಂತ ಆ ಪತ್ರದಿಂದ ಎಲ್ಲವೂ ಆಗುತ್ತದೆ ಎಂದೂ ಅಲ್ಲ. ಕರಡಿನಲ್ಲಿ "ನನ್ನ ವ್ಯಾಪಾರ, ಅದರ ಗೋದಾಮು, ಬ್ಯಾಂಕ್ ಖಾತೆ" ಎಂದಿದೆ. ಮನೆಯಲ್ಲಿ ಹಾಗೆ ಮಾತನಾಡುತ್ತೇವೆ, ಸರಿ. ಕಾನೂನಿನ ಕಣ್ಣಲ್ಲಿ ಗೋದಾಮೂ ಖಾತೆಯೂ ಕಂಪನಿಯವು. ಕಂಪನಿ ಬೇರೆಯೇ ಒಬ್ಬ ವ್ಯಕ್ತಿ. ಅಪ್ಪ ತಮ್ಮದಲ್ಲದ್ದರ ಮೇಲೆ ಅಧಿಕಾರ ಕೊಡಲಾರರು. ಕಂಪನಿಯ ಆಸ್ತಿಗೆ ಅಧಿಕಾರ ಬೇಕಿದ್ದರೆ ಕಂಪನಿಯೇ, ಅಂದರೆ ಬೋರ್ಡ್ ನಿರ್ಣಯ ಮಾಡಿ, ಕೊಡಬೇಕು. ಡೈರೆಕ್ಟರ್ ಕುರ್ಚಿಯೂ ಹಾಗೆಯೇ. ಅದು ಆ ವ್ಯಕ್ತಿಯ ವಿವೇಚನೆ ನೋಡಿ ಕೊಟ್ಟ ಹುದ್ದೆ, ಖಾಸಗಿ ಜಿಪಿಎ ಬರೆದು ಮಗನನ್ನು ಅದರಲ್ಲಿ ಕೂರಿಸಲು ಬರುವುದಿಲ್ಲ. ಬದಲಿ ಡೈರೆಕ್ಟರನ್ನು ನೇಮಿಸಲು ಕಂಪನಿಯ ನಿಯಮಾವಳಿಯಲ್ಲೇ ಅವಕಾಶವಿದ್ದರೆ ಅದು ಬೇರೆ ದಾರಿ. 2025ರ ನವೆಂಬರ್ 18ರಿಂದ ಅಲ್ಲಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್ ಡೈರೆಕ್ಟರುಗಳ ಗುರುತು ಪರಿಶೀಲನೆಯನ್ನೂ ಕಡ್ಡಾಯ ಮಾಡಿದೆ. ಹಳೆಯ ಡೈರೆಕ್ಟರುಗಳಿಗೆ ಕಂಪನಿಯ ವಾರ್ಷಿಕ ಹೇಳಿಕೆ ಸಲ್ಲಿಸುವ ಹೊತ್ತಿಗೆ ಇದು ಬಂದೇ ಬರುತ್ತದೆ. ಅಪ್ಪನ ಪರವಾಗಿ ಅಣ್ಣನ ಮುಖ ತೋರಿಸಿದರೆ ನಡೆಯುವ ಕೆಲಸ ಅದಲ್ಲ.

ಇನ್ನು ನೀವು ಕಳಿಸಿದ ಎರಡು ಹಾಳೆ. ನಿಜವಾದ ತೊಂದರೆ ಇರುವುದು ಇಲ್ಲಿ.

ಇಂಗ್ಲಿಷಿನ ನಾಲ್ಕನೇ ಕಲಮಿನಲ್ಲಿ ಷೇರುಗಳನ್ನು "ಸೆಲ್, ಟ್ರಾನ್ಸ್‌ಫರ್, ಚಾರ್ಜ್ ಆರ್ ಅದರ್‌ವೈಸ್ ಡೀಲ್ ವಿತ್" ಮಾಡುವ ಅಧಿಕಾರವಿದೆ. ಕನ್ನಡ ಹಾಳೆಯಲ್ಲಿ ಅದು "ಷೇರುಗಳಿಗೆ ಶುಲ್ಕ ವಿಧಿಸಲು, ವರ್ಗಾಯಿಸಲು ಮತ್ತು ಇತರೆ ವ್ಯವಹಾರ ನೋಡಿಕೊಳ್ಳಲು" ಎಂದಾಗಿದೆ. ಮಾರುವ ಮಾತೇ ಬಿಟ್ಟುಹೋಗಿದೆ. "ಚಾರ್ಜ್" ಎಂದರೆ ಇಲ್ಲಿ ಶುಲ್ಕವಲ್ಲ. ಸಾಲಕ್ಕೆ ಷೇರನ್ನು ಭದ್ರತೆಯಾಗಿ ಒಪ್ಪಿಸುವುದು. ಸಾಲ ತೀರದಿದ್ದರೆ ಸಾಲ ಕೊಟ್ಟವರು ಷೇರಿಗೇ ಕೈ ಹಾಕುತ್ತಾರೆ. ಕೊನೆಯ "ಡೀಲ್ ವಿತ್" ಕನ್ನಡದಲ್ಲಿ "ನೋಡಿಕೊಳ್ಳಲು" ಆಗಿ ಉಸ್ತುವಾರಿಯ ಅರ್ಥ ಕೊಡುತ್ತಿದೆ. ಇಂಗ್ಲಿಷಿನಲ್ಲಿ ಅದು ವಿಲೇವಾರಿಗೆ ಹತ್ತಿರದ ಮಾತು. ನೀವು ಓದಿ ಹೇಳಿದಾಗ ಅಪ್ಪ ತಲೆದೂಗಿದ್ದು ಉಸ್ತುವಾರಿಗೆ. ಸಹಿ ಬೀಳುವುದು ಮಾರಾಟಕ್ಕೂ ಅಡಮಾನಕ್ಕೂ. ಈ ಕಲಮು ಕನ್ನಡದಲ್ಲಿ ಹೀಗಿರಬೇಕಿತ್ತು: "ಸದರಿ ಷೇರುಗಳನ್ನು ಮಾರಲು, ಬೇರೆಯವರ ಹೆಸರಿಗೆ ವರ್ಗಾಯಿಸಲು, ಸಾಲಕ್ಕೆ ಭದ್ರತೆಯಾಗಿ ಒಪ್ಪಿಸಲು ಅಥವಾ ಇನ್ನಾವುದೇ ರೀತಿಯಲ್ಲಿ ವಿಲೇವಾರಿ ಮಾಡಲು." ಇದನ್ನು ಅಪ್ಪನಿಗೆ ನಿಧಾನವಾಗಿ ಓದಿ. ಅವರ ಮುಖ ನೋಡಿದರೆ ಉತ್ತರ ಸಿಗುತ್ತದೆ.

ಒಂಬತ್ತನೇ ಕಲಮು ಇನ್ನೂ ಬಿಗಿ. ಇಂಗ್ಲಿಷಿನಲ್ಲಿ "ಇರ‍್ರಿವೋಕಬಲ್" ಎಂದಷ್ಟೇ ಬರೆದಿದ್ದರೆ ನಾನು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ಪದವೊಂದನ್ನು ಬರೆದ ಮಾತ್ರಕ್ಕೆ ಪತ್ರ ರದ್ದಾಗದಂಥದ್ದು ಆಗಿಬಿಡುವುದಿಲ್ಲ. ನಮ್ಮ ಕರಾರು ಕಾಯ್ದೆಯ 202ನೇ ಕಲಮು, ಇಂಗ್ಲೆಂಡಿನ 1971ರ ಪವರ್ಸ್ ಆಫ್ ಅಟಾರ್ನಿ ಕಾಯ್ದೆ, ಎರಡೂ ಹೇಳುವುದು ಹೆಚ್ಚೂಕಡಿಮೆ ಒಂದೇ: ಅಧಿಕಾರ ಪಡೆದವನಿಗೆ ಆ ಆಸ್ತಿಯಲ್ಲಿ ತನ್ನದೇ ಹಿತಾಸಕ್ತಿ ಇದ್ದು, ಅದರ ರಕ್ಷಣೆಗೆ ಅಧಿಕಾರ ಕೊಟ್ಟಿದ್ದರೆ ಮಾತ್ರ ಅದನ್ನು ಹಿಂಪಡೆಯಲಾಗದು. ಆದರೆ ನಿಮ್ಮ ಕರಡಿನಲ್ಲಿ ಮುಂದಕ್ಕೆ "ಬೈ ವೇ ಆಫ್ ಸೆಕ್ಯೂರಿಟಿ" ಎಂದಿದೆ, "ನಾನು ಪಡೆದಿರುವ ಹಣಕ್ಕಾಗಿ" ಎಂಬ ಅರ್ಥದ ವಾಕ್ಯವೂ ಇದೆ. ಅಂದರೆ ಅಪ್ಪ ಅಣ್ಣನಿಂದ ಹಣ ಪಡೆದು ಅದಕ್ಕೆ ಷೇರನ್ನು ಭದ್ರತೆ ಕೊಟ್ಟ ಹಾಗೆ ಕಾಣುತ್ತದೆ. ಇದೇ ಕಲಮು ಕನ್ನಡದಲ್ಲಿ "ಈ ಪತ್ರವು ಖಾಯಂ ಇರತಕ್ಕದ್ದು" ಎಂದಷ್ಟೇ ಆಗಿ, ಹಣದ ಮಾತು ಮಾಯವಾಗಿದೆ. ಅಪ್ಪ ಹಣ ಪಡೆದಿಲ್ಲವಾದರೆ ಈ ಕಲಮನ್ನು ಹೊಡೆದುಹಾಕಿಸಿ. ಚರ್ಚೆಗೇ ಬಿಡಬೇಡಿ.

ಯಾವ ಭಾಷೆಯದು ನಡೆಯುತ್ತದೆ ಎಂದು ಕೇಳಿದ್ದೀರಿ. ಈಗಿರುವಂತೆ ಅಪ್ಪ ಇಂಗ್ಲಿಷ್ ಹಾಳೆಗೆ ಮಾತ್ರ ಸಹಿ ಹಾಕಿದರೆ ನಡೆಯುವುದು ಅದೊಂದೇ. ಟೈಪಿಂಗ್ ಅಂಗಡಿಯ ಕನ್ನಡ ಹಾಳೆಗೆ ಬೆಲೆಯಿಲ್ಲ. ಇಂಗ್ಲೆಂಡಿನ ಬ್ಯಾಂಕಾಗಲಿ ವಕೀಲರಾಗಲಿ ಅದನ್ನು ನೋಡುವುದೂ ಇಲ್ಲ. ಮುಂದೆ ಯಾವತ್ತಾದರೂ "ನನಗೆ ಅರ್ಥವಾಗಿರಲಿಲ್ಲ" ಎಂದು ಕೋರ್ಟಿಗೆ ಹೋದರೆ ಅದು ಸಾಕ್ಷ್ಯವಾಗಬಹುದು. ಅಷ್ಟರಲ್ಲಿ ಆಗುವುದು ಆಗಿಹೋಗಿರುತ್ತದೆ.

ನಾನು ಮಾಡಿಸುವ ರೀತಿ ಬೇರೆ. ಒಂದೇ ದಸ್ತಾವೇಜು, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಎರಡಕ್ಕೂ ಒಂದೇ ಕಲಮಿನ ಸಂಖ್ಯೆ. ಪ್ರತಿ ಪುಟದ ಕೆಳಗೆ ರುಜು. ಎರಡರ ನಡುವೆ ವ್ಯತ್ಯಾಸ ಕಂಡರೆ ಯಾವುದು ನಿಲ್ಲಬೇಕು ಎಂಬ ಕಲಮು ಕಡ್ಡಾಯ. ವಿದೇಶದಲ್ಲಿ ಬಳಸುವ ಪತ್ರಕ್ಕೆ ಇಂಗ್ಲಿಷ್ ನಿಲ್ಲಲಿ ಎನ್ನುವುದು ರೂಢಿ, ಬ್ಯಾಂಕುಗಳಿಗೂ ಅದೇ ಇಷ್ಟ. ವಯಸ್ಸಾದ, ಒಂದೇ ಭಾಷೆ ಓದಬಲ್ಲವರ ಪತ್ರದಲ್ಲಿ ನಾನು "ಎರಡರಲ್ಲಿ ಯಾವುದು ಕಡಿಮೆ ಅಧಿಕಾರ ಕೊಡುತ್ತದೋ ಅದೇ ನಿಲ್ಲತಕ್ಕದ್ದು" ಎಂದು ಬರೆಸಲು ನೋಡುತ್ತೇನೆ. ಇದರಲ್ಲೂ ಅಪಾಯವಿಲ್ಲದಿಲ್ಲ: ಕನ್ನಡ ಓದಲಾರದ ಬ್ಯಾಂಕು "ಇದು ನಮಗೆ ಬೇಡ" ಎಂದು ವಾಪಸು ಕಳಿಸಬಹುದು. ಅಂಥಲ್ಲಿ ಇಂಗ್ಲಿಷ್ ನಿಲ್ಲಲಿ ಎಂದು ಒಪ್ಪಿ, ಅನುವಾದವನ್ನು ಇನ್ನಷ್ಟು ಬಿಗಿ ಮಾಡಬೇಕಾಗುತ್ತದೆ.

ಅನುವಾದ ಮಾಡುವವರು ನೀವೂ ಆಗಬಾರದು, ಅಣ್ಣನೂ ಆಗಬಾರದು. ಇಬ್ಬರಿಗೂ ಇದರಲ್ಲಿ ಹಿತಾಸಕ್ತಿ ಇದೆ. ಎರಡೂ ಭಾಷೆ ಬಲ್ಲ ಮೂರನೆಯವರು ಮಾಡಿ, ತಮ್ಮ ಹೆಸರು, ವಿಳಾಸ, ತಾರೀಖಿನೊಂದಿಗೆ "ಮೂಲಕ್ಕೆ ಸರಿಯಾದ, ಪೂರ್ಣ ಅನುವಾದ" ಎಂಬ ದೃಢೀಕರಣ ಬರೆಯಬೇಕು. ಕೊನೆಗೆ ಇನ್ನೊಂದು ಟಿಪ್ಪಣಿ: ಇಂಥವರು ಇಂಥ ದಿನ ಕನ್ನಡದಲ್ಲಿ ಓದಿ ಹೇಳಿದರು, ಕೊಟ್ಟವರು ಅರ್ಥ ಮಾಡಿಕೊಂಡು ಸಹಿ ಹಾಕಿದರು ಎಂದು. ಇದನ್ನು ಓದಿ ಹೇಳಿದವರೇ ಬರೆದು ರುಜು ಮಾಡಲಿ. ಮೊದಲೇ ಅಚ್ಚು ಹಾಕಿಟ್ಟ ಸಾಲಿನ ಕೆಳಗೆ ಸಹಿ ತೆಗೆದುಕೊಳ್ಳುವುದು ಬೇಡ. ಹೆಸರಿನಲ್ಲೂ ಎಚ್ಚರ ಬೇಕು. ನಮ್ಮ ಪತ್ರಗಳಲ್ಲಿ ಇನಿಷಿಯಲ್ಲು, ಹೆಸರು, "ಬಿನ್", ತಂದೆ ಹೆಸರು ಹೀಗೆ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿಕೊಂಡು ಸರ್‌ನೇಮ್ ಆಗಿ ಕೂತಿರುತ್ತದೆ. ಇಂಗ್ಲಿಷ್ ಭಾಗದಲ್ಲಿ ಪಾಸ್‌ಪೋರ್ಟಿನ ಅಕ್ಷರವೇ ಇರಲಿ, ಕಂಪನಿ ದಾಖಲೆಯಲ್ಲಿ ಬೇರೆ ಥರ ಇದ್ದರೆ ಅದನ್ನೂ "ಎಂದೂ ಕರೆಯಲ್ಪಡುವ" ಎಂದು ಸೇರಿಸಿ. ಅಲ್ಲಿಯ ಕಾಯ್ದೆಯ ಪ್ರಕಾರ ಇದು ಡೀಡ್ ರೂಪದಲ್ಲಿ, ಸಾಕ್ಷಿಯ ಎದುರಿಗೇ ಸಹಿಯಾಗಬೇಕು. ಇಂಗ್ಲಿಷ್ ಭಾಗದಲ್ಲಿ "ಡೀಡ್" ಎಂಬ ಮಾತು ಇರಲೇಬೇಕು. ಸಾಕ್ಷಿ ಅಣ್ಣನಾಗಬಾರದು.

ಅಪೋಸ್ಟಿಲ್ ಬಗ್ಗೆ ಜನರಿಗೆ ವಿಪರೀತ ನಂಬಿಕೆ. ನೋಟರಿ ಮಾಡಿಸಿ, ರಾಜ್ಯದ ದೃಢೀಕರಣ ಪಡೆದು, ವಿದೇಶಾಂಗ ಸಚಿವಾಲಯದ ಚೀಟಿ ಅಂಟಿಸಿಕೊಂಡ ಮೇಲೆ ಪತ್ರಕ್ಕೆ ಸರ್ಕಾರವೇ ಒಪ್ಪಿಗೆ ಕೊಟ್ಟಂತೆ ಎಂದುಕೊಳ್ಳುತ್ತಾರೆ. 2005ರಿಂದ ಭಾರತಕ್ಕೂ ಅನ್ವಯಿಸುವ ಹೇಗ್ ಒಪ್ಪಂದದ ಪ್ರಕಾರ ಆ ಚೀಟಿ ಹೇಳುವುದು ಇಷ್ಟೇ: ಈ ದಾಖಲೆಯ ಮೇಲಿನ ಅಧಿಕಾರಿಯ ಸಹಿ, ಮೊಹರು ಅಸಲಿ. ಒಳಗೆ ಬರೆದದ್ದು ಸರಿಯೋ, ಅನುವಾದ ನೆಟ್ಟಗಿದೆಯೋ, ಸಹಿ ಹಾಕಿದವರಿಗೆ ಅರ್ಥವಾಗಿದೆಯೋ ಎಂದು ಯಾರೂ ನೋಡಿರುವುದಿಲ್ಲ. "ಶುಲ್ಕ ವಿಧಿಸಲು" ಎಂದಿರುವ ಹಾಳೆಗೂ ಅಪೋಸ್ಟಿಲ್ ಸಿಗುತ್ತದೆ.

ಅಪ್ಪನ ಮರೆವಿನ ಮಾತು ಕಡೆಗಣಿಸುವಂಥದ್ದಲ್ಲ. ಎರಡು ಕಾರಣಕ್ಕೆ. ಒಂದು, ಸಹಿ ಹಾಕುವ ಹೊತ್ತಿಗೆ ಅವರಿಗೆ ವಿಷಯ ತಿಳಿದು ತೀರ್ಮಾನಿಸುವ ಶಕ್ತಿ ಇರಬೇಕು. ಮರೆವು ಇದ್ದ ಮಾತ್ರಕ್ಕೆ ಆ ಶಕ್ತಿ ಇಲ್ಲವೆಂದಲ್ಲ. ಆದರೆ ಚಿಕ್ಕಪ್ಪ ನಾಳೆ ಪ್ರಶ್ನೆ ಎತ್ತಬಹುದು. ಆದ್ದರಿಂದ ಅದೇ ದಿನ, ಇಲ್ಲವೇ ಹಿಂದಿನ ದಿನ ಅವರನ್ನು ನೋಡುವ ವೈದ್ಯರಿಂದ ಪತ್ರ ಪಡೆಯಿರಿ. ವಿವರಿಸುವಾಗ ಮನೆಯವರು ಕೋಣೆಯಿಂದ ಹೊರಗಿರಿ. ನಾನು ಇಂಥ ಸಂದರ್ಭದಲ್ಲಿ "ಅರ್ಥವಾಯಿತೇ" ಎಂದು ಕೇಳುವುದಿಲ್ಲ, ಎಲ್ಲರೂ ಹೂಂ ಎನ್ನುತ್ತಾರೆ. "ಇದನ್ನು ಕೊಟ್ಟ ಮೇಲೆ ಮಗ ಏನೇನು ಮಾಡಬಹುದು, ನೀವೇ ಹೇಳಿ" ಎನ್ನುತ್ತೇನೆ. ಎರಡನೆಯದು, ಸಾಮಾನ್ಯ ಜಿಪಿಎ ಕೊಟ್ಟವರು ಬುದ್ಧಿಸ್ವಾಧೀನ ಕಳೆದುಕೊಂಡರೆ ಅದೂ ಅಲ್ಲಿಗೆ ಮುಗಿಯುತ್ತದೆ. ನಮ್ಮ ಕರಾರು ಕಾಯ್ದೆಯ 201ನೇ ಕಲಮು ಅದನ್ನೇ ಹೇಳುತ್ತದೆ. ತೀರಿಕೊಂಡರೂ ಅಷ್ಟೆ. "ಅಪ್ಪನಿಗೆ ಮುಂದೆ ಆಗದಿದ್ದರೆ ಇರಲಿ" ಎಂದು ಜಿಪಿಎ ಮಾಡಿಸುವವರು ಬಹಳ; ನಿಜಕ್ಕೂ ಬೇಕಾಗುವ ದಿನವೇ ಅದು ಸತ್ತಿರುತ್ತದೆ. ಇಂಗ್ಲೆಂಡಿನಲ್ಲಿ ಇದಕ್ಕೆಂದೇ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಎಂಬ ಬೇರೆ ಪತ್ರವಿದೆ. ಅದು ಅಲ್ಲಿನ ಪಬ್ಲಿಕ್ ಗಾರ್ಡಿಯನ್ ಕಚೇರಿಯಲ್ಲಿ ನೋಂದಣಿಯಾಗಬೇಕು. ಅಪ್ಪ ಈಗ ಭಾರತದಲ್ಲಿ ನೆಲೆಸಿದ್ದರೂ ಆಸ್ತಿ ಅಲ್ಲಿರುವುದರಿಂದ ಅಲ್ಲಿಯ ಕಾನೂನಿನಡಿ ಅದನ್ನು ಮಾಡಿಸಬಹುದೇ, ಹೇಗೆ ಬರೆಯಬೇಕು ಎಂದು ಅಲ್ಲಿಯ ಸಾಲಿಸಿಟರ್ ಒಬ್ಬರಿಂದಲೇ ಕೇಳಿ ತಿಳಿಯಿರಿ. ಸಾಲಿಸಿಟರ್ ಅಣ್ಣನ ಪರ ಕೆಲಸ ಮಾಡುವವರಾಗಿರಬಾರದು.

ಹಾಗಾದರೆ ಏನು ಮಾಡುವುದು? ಮೊದಲು ಅಣ್ಣನಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಿ: ಅಪ್ಪನ ಸಹಿ ಯಾವ ಕಾಗದಕ್ಕೆ ಬೇಕು, ಆ ಕಾಗದ ಕಳಿಸು. ಬಹಳ ಸಲ ಜಿಪಿಎ ಬೇಕಾಗಿಯೇ ಇರುವುದಿಲ್ಲ. ವಾರ್ಷಿಕ ಸಭೆಯ ವೋಟಿಗಾದರೆ ಆ ಒಂದು ಸಭೆಯಲ್ಲಿ ಅಪ್ಪನ ಬದಲು ವೋಟು ಹಾಕಲು ಪ್ರಾಕ್ಸಿ ಪತ್ರ ಸಾಕು, ಅದರಲ್ಲಿ ಯಾವ ನಿರ್ಣಯಕ್ಕೆ ಹೌದು, ಯಾವುದಕ್ಕೆ ಇಲ್ಲ ಎಂದು ಅಪ್ಪನೇ ಗುರುತು ಹಾಕಬಹುದು. ಖಾಸಗಿ ಕಂಪನಿಯಲ್ಲಿ ಬಹುತೇಕ ನಿರ್ಣಯಗಳು ಲಿಖಿತವಾಗಿ, ಇಮೇಲಿನಲ್ಲೇ ಆಗುತ್ತವೆ. ಡೈರೆಕ್ಟರ್ ಆಗಿ ದಿನನಿತ್ಯ ಸಹಿ ಹಾಕುವುದು ಕಷ್ಟವಾದರೆ ಅಪ್ಪ ಡೈರೆಕ್ಟರ್ ಹುದ್ದೆ ಬಿಡಬಹುದು, ಷೇರು ಹಾಗೇ ಇರುತ್ತದೆ. ಇದರಲ್ಲಿ ಬೋರ್ಡಿನ ಒಳಗೇನು ನಡೆಯುತ್ತಿದೆ ಎಂಬ ಮಾಹಿತಿ ಕಡಿಮೆಯಾಗುವ ನಷ್ಟವಿದೆ, ಅದನ್ನು ಒಪ್ಪಿಕೊಂಡು ಬಿಡಬೇಕು. ಕರಡಿನಲ್ಲಿ "ಚಾರ್ಜ್" ಇರುವುದು ನೋಡಿದರೆ ಬ್ಯಾಂಕ್ ಸಾಲದ ಮಾತು ನಡೆದಿರಬಹುದು ಎಂಬುದು ನನ್ನ ಊಹೆ. ಹಾಗಿದ್ದರೆ ಸಾಲದ ಮೊತ್ತ, ಕಾರಣ, ಬ್ಯಾಂಕಿನ ಕಾಗದ ಇವೆಲ್ಲ ಅಪ್ಪನ ಮುಂದೆ ಬರಲಿ. ಆಮೇಲೆ ಸಹಿ.

ಎಲ್ಲ ನೋಡಿದ ಮೇಲೂ ಜಿಪಿಎ ಬೇಕೇ ಬೇಕೆಂದಾದರೆ ಜನರಲ್ ಬೇಡ, ಸ್ಪೆಷಲ್ ಮಾಡಿಸಿ. ಇಂಥ ಒಂದು ಕೆಲಸಕ್ಕೆ, ಇಂಥ ತಾರೀಖಿನ ತನಕ ಎಂದಿರಲಿ. ಒಂದು ವರ್ಷಕ್ಕೆ ಮೀರುವುದು ಬೇಡ. ಷೇರು ಮಾರುವ ಅಧಿಕಾರವಿದ್ದರೆ ಹಣ ಅಪ್ಪನ ಹೆಸರಿನ ಖಾತೆಗೇ ಬರಬೇಕು. ಪಡೆದವನು ತನಗೆ, ತನ್ನ ಹೆಂಡತಿಗೆ, ತನ್ನ ಕಂಪನಿಗೆ ಮಾರಿಕೊಳ್ಳುವಂತಿಲ್ಲ, ದಾನ ಕೊಡುವಂತಿಲ್ಲ, ಬೇರೆಯವರಿಗೆ ಅಧಿಕಾರ ದಾಟಿಸುವಂತಿಲ್ಲ ಎಂದು ಬಿಡಿಸಿ ಬರೆಸಿ. ಇವುಗಳಲ್ಲಿ ಕೆಲವನ್ನು ಕಾನೂನೇ ತಡೆಯುತ್ತದೆ. ಆದರೆ ಪತ್ರದಲ್ಲೇ ಇದ್ದರೆ ಎದುರಿನ ಬ್ಯಾಂಕಿಗೆ ಕಣ್ಣಿಗೆ ಬೀಳುತ್ತದೆ, ಅಲ್ಲೇ ನಿಲ್ಲುತ್ತದೆ. ವೋಟಿನ ಅಧಿಕಾರ ಬೇಡವಾದರೆ "ಮತದಾನದ ಅಧಿಕಾರ ಇದರಲ್ಲಿ ಸೇರಿಲ್ಲ" ಎಂದು ಒಂದು ಸಾಲು. ನಿಮ್ಮ ಮನೆಯ 40-35-25ರ ಲೆಕ್ಕದಲ್ಲಿ ಇಡೀ ಪತ್ರಕ್ಕಿಂತ ಆ ಸಾಲೇ ಭಾರ.

ರದ್ದು ಮಾಡುವುದು ಸುಲಭ, ರದ್ದಾದದ್ದು ಎಲ್ಲರಿಗೂ ತಿಳಿಯುವುದು ಕಷ್ಟ. ಅಪ್ಪ ಇಲ್ಲಿ ರದ್ದತಿ ಪತ್ರ ಬರೆದು ಅಣ್ಣನಿಗೆ ಕಳಿಸಿದರೆ ಅಣ್ಣನ ಮಟ್ಟಿಗೆ ಮುಗಿಯಿತು. ಆದರೆ ವಿಷಯ ಗೊತ್ತಿಲ್ಲದೆ ಅವನ ಜೊತೆ ವ್ಯವಹರಿಸಿದ ಮೂರನೆಯವರಿಗೆ ಎರಡೂ ದೇಶದ ಕಾನೂನು ರಕ್ಷಣೆ ಕೊಡುತ್ತದೆ. ಹೀಗಾಗಿ ಕಂಪನಿಗೆ, ಅದರ ಅಕೌಂಟೆಂಟಿಗೆ, ಬ್ಯಾಂಕಿಗೆ ಅದೇ ದಿನ ಲಿಖಿತ ನೋಟಿಸು ಹೋಗಬೇಕು, ಇಂಗ್ಲಿಷಿನಲ್ಲೇ ಹೋಗಬೇಕು. ಮೂಲಪ್ರತಿ ಒಂದೇ ಇರಲಿ, ನಕಲು ಯಾರ‍್ಯಾರಿಗೆ ಹೋಯಿತು ಎಂದು ಬರೆದಿಟ್ಟುಕೊಳ್ಳಿ.

ಗೋದಾಮಿನ ಜಿಪಿಎ ಎದುರು ದಿಕ್ಕಿನದು: ಕೊಡುವವನು ಅಲ್ಲಿ, ಬಳಸುವುದು ಇಲ್ಲಿ. ಪತ್ರಬರಹಗಾರರು ಕನ್ನಡದಲ್ಲಿ ಬರೆದು ಕಳಿಸಿದರೆ ಅಣ್ಣ ಅದನ್ನು ಅಲ್ಲಿಯ ನೋಟರಿ ಎದುರು ಅಥವಾ ಭಾರತದ ಕಾನ್ಸುಲೇಟಿನಲ್ಲಿ ಸಹಿ ಮಾಡಬೇಕು. ನೋಂದಣಿ ಕಾಯ್ದೆಯ 33ನೇ ಕಲಮು ವಿದೇಶದಲ್ಲಿರುವವರಿಗೆ ಈ ಎರಡೂ ದಾರಿ ಕೊಟ್ಟಿದೆ. ಇಂಗ್ಲಿಷ್ ನೋಟರಿಗೆ ಕನ್ನಡ ಬಾರದು, ಅನುವಾದ ಕೇಳಿಯೇ ಕೇಳುತ್ತಾರೆ, ಜೊತೆಗೇ ಕಳಿಸಿಬಿಡಿ. ನಮ್ಮ ಪತ್ರಬರಹಗಾರರು "ನೋಡಿಕೊಳ್ಳಲು, ಬಾಡಿಗೆಗೆ ಕೊಡಲು, ಆಧಾರ ಮಾಡಲು" ಎಂದು ಉದ್ದಕ್ಕೆ ಬರೆದು ಕ್ರಯದ ಮಾತನ್ನು ಎಲ್ಲೋ "ಇತ್ಯಾದಿ"ಯಲ್ಲಿ ಮುಗಿಸುತ್ತಾರೆ. ಅದು ನಡೆಯುವುದಿಲ್ಲ. 2022ರಲ್ಲಿ ಕೇರಳದ ಜಮೀನಿನ ಒಂದು ಪ್ರಕರಣದಲ್ಲಿ ಗೇಣಿಗೆ ಕೊಡುವ, ಸಾಲಕ್ಕೆ ಭದ್ರತೆ ಇಡುವ ಅಧಿಕಾರವಿದ್ದ ಜಿಪಿಎಯಿಂದ ಮಾರುವ ಅಧಿಕಾರವನ್ನು ಊಹಿಸಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿದೆ. ನೀವು ಮಾರುವುದಿದ್ದರೆ "ಕ್ರಯಪತ್ರ ಬರೆದುಕೊಡಲು, ನೋಂದಣಿಗೆ ಹಾಜರುಪಡಿಸಲು, ಬರೆದುಕೊಟ್ಟದ್ದನ್ನು ಒಪ್ಪಿಕೊಳ್ಳಲು" ಎಂದು ಮೂರೂ ಬಿಡಿಬಿಡಿಯಾಗಿ ಇರಲಿ, ಷೆಡ್ಯೂಲಿನಲ್ಲಿ ಚಕ್ಕುಬಂದಿ ಸರಿಯಾಗಿರಲಿ. ಪತ್ರ ಕರ್ನಾಟಕಕ್ಕೆ ತಲುಪಿದ 3 ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಿ. ಕೊರಿಯರ್ ಲಕೋಟೆಯನ್ನು ಬಿಸಾಡಬೇಡಿ, ತಲುಪಿದ ದಿನಕ್ಕೆ ನಿಮ್ಮ ಬಳಿ ಇರುವ ಪುರಾವೆ ಅದೊಂದೇ.